ಎರಡು ಲೈನ್, ಒಂದೇ ಜಾತ್ರೆ

ನಮ್ಮೂರು ಶಿರಸಿ. ಎರಡು ವರ್ಷಕ್ಕೊಮ್ಮೆ ಇಲ್ಲಿ ಮಾರಿಕಾಂಬೆಯ ಜಾತ್ರೆ. ಆ ಒಂಬತ್ತು ದಿನ ಊರಿನ ಲೆಕ್ಕವೇ ಬೇರೆ. ಎಲ್ಲೆಲ್ಲಿಂದಲೋ ಬಸ್ಸುಗಳು ತುಂಬಿಕೊಂಡು ಬರುತ್ತವೆ, ಮುಂಬೈ, ಹುಬ್ಬಳ್ಳಿ, ಬೆಂಗಳೂರಿನಲ್ಲಿರುವ ನೆಂಟರೆಲ್ಲ ಮನೆಗೆ ಬಂದಿಳಿಯುತ್ತಾರೆ. ದೇವಿ ಕೂರುವ ಬಿಡಕಿಬೈಲಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ಹಾಗಾಗಿ ನಮ್ಮ ಮನೆ ಆ ವಾರ ಮನೆ ಅಲ್ಲ, ಧರ್ಮಛತ್ರ.

ಕಳೆದ ಜಾತ್ರೆಯ ಬುಧವಾರ ಮನೆಯಲ್ಲಿ ಹದಿಮೂರು ಜನ ಇದ್ದೆವು. ಬೆಳಗ್ಗೆ ತೇರು ನೋಡಿ ಬಂದು, ಮಧ್ಯಾಹ್ನ ಊಟ ಮಾಡಿ, ಸಂಜೆ ಮತ್ತೆ ಪೇಟೆ ಸುತ್ತಿ, ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಸೇರಿದ್ದರು. ನಾನು ಮಾತ್ರ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಅವತ್ತು ನನ್ನದೊಂದು ರಿಲೀಸ್ ಇತ್ತು. ದೊಡ್ಡ ಟೇಬಲ್ ಒಂದಕ್ಕೆ ಹೊಸ ಕಾಲಂ ಸೇರಿಸಿ, ಹಳೆಯ ಸಾಲುಗಳಿಗೆಲ್ಲ ಬೆಲೆ ತುಂಬುವ ಕೆಲಸ. ಅರ್ಧ ಗಂಟೆಯ ಮಾತು ಅಂದುಕೊಂಡಿದ್ದೆ.

ಒಂಬತ್ತು ಇಪ್ಪತ್ತಕ್ಕೆ ಟರ್ಮಿನಲ್ ನಿಂತುಬಿಟ್ಟಿತು. ಎರರ್ ಇಲ್ಲ, ಮೆಸೇಜ್ ಇಲ್ಲ. ಕೀ ಒತ್ತಿದರೆ ಅಕ್ಷರ ಮೂಡುತ್ತಿಲ್ಲ. ವಿಡಿಯೊ ಕಾಲ್‌ನಲ್ಲಿದ್ದ ಸಹೋದ್ಯೋಗಿಯ ಮುಖ ಬಾಯಿ ತೆರೆದ ಹಾಗೇ ಉಳಿದುಹೋಯಿತು. ತಕ್ಷಣ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಸಿಗ್ನಲ್ ಕಡ್ಡಿ ಪೂರ್ತಿ, ಪಕ್ಕದಲ್ಲಿ 5ಜಿ ಅಂತ ಬೇರೆ ಬರೆದಿದೆ. ಆದರೆ ವಿಪಿಎನ್ ಕನೆಕ್ಟ್ ಆಗಲೇ ಇಲ್ಲ. ಎರಡನೇ ಸಿಮ್‌ಗೆ ಹೋದೆ, ಅದೂ ಅದೇ ಕಥೆ.

ಅತ್ತ ನನ್ನ ಸ್ಕ್ರಿಪ್ಟ್ ಟೇಬಲ್ ಮೇಲೆ ಲಾಕ್ ಹಿಡಿದುಕೊಂಡೇ ಅರ್ಧಕ್ಕೆ ನಿಂತಿತ್ತು. ಇಲ್ಲಿ ಒಂದು ವಿಷಯ ಹೇಳಬೇಕು. ಲೈನ್ ಸತ್ತರೆ ಡೇಟಾಬೇಸ್‌ಗೆ ಕೂಡಲೇ ಗೊತ್ತಾಗುವುದಿಲ್ಲ. 'ಇನ್ನು ನಾನು ಹೊರಟೆ' ಅಂತ ನನ್ನ ಕಡೆಯಿಂದ ಹೇಳಿಕಳಿಸಲು ಲೈನೇ ಇಲ್ಲವಲ್ಲ! ಹಾಗಾಗಿ ಅದು ನಾನು ಇನ್ನೂ ಇದ್ದೇನೆಂದು ನಂಬಿ ಕಾಯುತ್ತಲೇ ಇರುತ್ತದೆ. ಆ ಟೇಬಲ್ ಬೇಕಾದ ಬೇರೆ ಕೆಲಸಗಳೆಲ್ಲ ಅದರ ಹಿಂದೆ ಸಾಲು ನಿಲ್ಲುತ್ತವೆ. ಬೆಂಗಳೂರಿನಲ್ಲಿದ್ದ ಸಹೋದ್ಯೋಗಿ ವಿಷಯ ಅರ್ಥ ಮಾಡಿಕೊಂಡು ನನ್ನ ಸೆಷನ್ ಕಿಲ್ ಮಾಡುವ ಹೊತ್ತಿಗೆ ಹತ್ತೊಂಬತ್ತು ನಿಮಿಷ ಆಗಿತ್ತು. ಹತ್ತೊಂಬತ್ತು ನಿಮಿಷ ನಮ್ಮ ಗ್ರಾಹಕರ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು.

ಆ ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಜಗಲಿಗೆ ಓಡಿಬಂದು, ಮೊಬೈಲ್‌ನಲ್ಲಿ ಗೇಮ್ ಆಡುತ್ತಿದ್ದ ಅಕ್ಕನ ಮಗನ ಮೇಲೆ ಕಿರುಚಿದ್ದು. "ನಿನ್ನ ಗೇಮ್‌ನಿಂದ ನನ್ನ ಕೆಲಸ ಹೋಗತ್ತೆ, ಬಂದ್ ಮಾಡೋ!" ಹದಿನಾಲ್ಕು ವರ್ಷದ ಹುಡುಗ. ಹದಿಮೂರು ಜನರ ನಡುವೆ. ಅವನು ಏನೂ ಮಾತಾಡದೆ ಫೋನ್ ಮಗುಚಿ ಇಟ್ಟು ಎದ್ದು ಹೋದ. ಜಗಲಿ ಪೂರ್ತಿ ಮೌನ. ಅಪ್ಪ ಮಾತ್ರ ಕುರ್ಚಿಯಲ್ಲಿ ಕೂತಲ್ಲಿಂದಲೇ ನನ್ನನ್ನು ನೋಡಿದರು.

ಹತ್ತು ಗಂಟೆಗೆ ಮ್ಯಾನೇಜರ್ ಕರೆ ಬಂತು. ಜಗಳ ಆಡಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನೋಡಿ, ಊರಿಂದ ಕೆಲಸ ಮಾಡೋಕೆ ನಿಮಗೆ ಸ್ಪೆಷಲ್ ಆಗಿ ಪರ್ಮಿಷನ್ ಕೊಟ್ಟಿದ್ದೀವಿ. ಲೈನ್ ನಿಲ್ಲಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಈ ವಾರದೊಳಗೆ ಆ ರಿಲೀಸ್ ಆಗಬೇಕು."

ಅಪ್ಪನಿಗೆ ಅದರ ಹಿಂದಿನ ವರ್ಷ ಪಾರ್ಶ್ವವಾಯು ಆಗಿತ್ತು. ಎಡಗೈ ಇನ್ನೂ ಸರಿಯಾಗಿ ಬಂದಿಲ್ಲ. ಅಮ್ಮ ಒಬ್ಬಳಿಂದ ಅಪ್ಪನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಆ ಪರ್ಮಿಷನ್ ಹೋದರೆ ನನಗೆ ಉಳಿಯುವುದು ಎರಡೇ ದಾರಿ: ಕೆಲಸ ಬಿಡಬೇಕು, ಇಲ್ಲವೇ ಇವರಿಬ್ಬರನ್ನು ಬಿಡಬೇಕು.

ಅವತ್ತು ರಾತ್ರಿ ಮಲಗಿ ಯೋಚಿಸಿದಾಗ ಒಂದು ಪ್ರಶ್ನೆ ಕೊರೆಯುತ್ತಿತ್ತು. ಮನೆಗೆ ಫೈಬರ್ ಇದೆ, ಅದು ಕೈಕೊಟ್ಟರೆ ಅಂತ ಎರಡು ಕಂಪನಿಯ ಸಿಮ್ ಇದೆ. ಮೂರೂ ಒಂದೇ ಕ್ಷಣದಲ್ಲಿ ಹೋಗಿದ್ದು ಹೇಗೆ?

ಯಾರು ಕುತ್ತಿಗೆ ಹಿಸುಕುತ್ತಿದ್ದಾರೆ?

ಗುರುವಾರ ಬೆಳಗ್ಗೆ ಎಲ್ಲರೂ ದರ್ಶನಕ್ಕೆ ಹೋದ ಮೇಲೆ ಲೈನ್ ನೋಡಿದರೆ ಕನ್ನಡಿಯ ಹಾಗಿದೆ! ಸ್ಪೀಡ್ ಟೆಸ್ಟ್‌ನಲ್ಲಿ ಕೆಳಕ್ಕೆ 30, ಮೇಲಕ್ಕೆ 10 ಎಂಬಿಪಿಎಸ್. ನಮ್ಮ ಪ್ಲಾನ್ ಇರುವುದೇ ಅಷ್ಟು. ಸ್ಪೀಡ್ ಟೆಸ್ಟ್‌ನ ತೊಂದರೆಯೇ ಇದು. ಲೈನ್ ಎಷ್ಟು ಅಗಲ ಅಂತ ಹೇಳುತ್ತದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹೇಳುವುದಿಲ್ಲ.

ಎಲ್ಲಿ ಅಂತ ತಿಳಿಯಲು ಮೂರು ಜಾಗಕ್ಕೆ ಪಿಂಗ್ ಮಾಡಬೇಕು. ಒಂದು, ಮನೆಯ ರೌಟರ್. ಎರಡು, ರೌಟರ್ ದಾಟಿದ ಮೇಲೆ ಸಿಗುವ ಕೇಬಲ್‌ನವರ ಮೊದಲ ಯಂತ್ರ. ಮೂರು, ಹೊರಗಿನ ಇಂಟರ್‌ನೆಟ್‌ನಲ್ಲಿರುವ ಯಾವುದಾದರೂ ವಿಳಾಸ. ಎರಡನೆಯದರ ವಿಳಾಸ `traceroute` ಕೊಟ್ಟರೆ ಎರಡನೇ ಸಾಲಿನಲ್ಲಿ ಸಿಗುತ್ತದೆ. ನಮ್ಮಲ್ಲಿ ಅದು 100.64ರಿಂದ ಶುರುವಾಗುತ್ತಿತ್ತು.

```
traceroute -n 1.1.1.1
ping -c 20 192.168.1.1
ping -c 20 100.64.0.1
ping -c 20 1.1.1.1
```

ಲೈನ್ ಖಾಲಿ ಇದ್ದಾಗ ಉತ್ತರ ಬಂದದ್ದು 3, 6, 24 ಮಿಲಿಸೆಕೆಂಡಿಗೆ. ಇದು ಆರೋಗ್ಯವಾಗಿರುವ ಲೈನಿನ ನಾಡಿ. ಇನ್ನು ಕಾಯಿಲೆ ಬರಿಸಿ ನೋಡಬೇಕು. ಯಾರ ಫೋನ್‌ನಿಂದ ಅಂತ ಯೋಚಿಸುತ್ತಾ ನನ್ನ ಫೋನನ್ನೇ ತೆಗೆದು ನೋಡಿದೆ. ಫೋಟೊ ಬ್ಯಾಕಪ್ ಪುಟದಲ್ಲಿ ನಿನ್ನೆ ರಾತ್ರಿ 9:05ಕ್ಕೆ ಶುರು, 'ಪೂರ್ಣ' ಅಂತ ತೋರಿಸುತ್ತಿದ್ದುದು ಮಧ್ಯರಾತ್ರಿ ದಾಟಿದ ಮೇಲೆ.

ಅಮ್ಮ ತೇರಿಗೆ ಬರಲಾಗಲಿಲ್ಲವಲ್ಲ, ಅಪ್ಪನ ಜೊತೆ ಮನೆಯಲ್ಲೇ ಉಳಿದಿದ್ದಳು. ಅವಳಿಗೆ ತೋರಿಸೋಣ ಅಂತ ನಾನು ಹದಿನೈದು ನಿಮಿಷ 4ಕೆ ವಿಡಿಯೊ ಹಿಡಿದಿದ್ದೆ. ಹತ್ತಿರ ಹತ್ತಿರ 5 ಜಿಬಿ. ಮೇಲಕ್ಕೆ 10 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 1.25 ಎಂಬಿ. 5 ಜಿಬಿ ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು, ಅದೂ ಬೇರೆ ಯಾರೂ ಏನೂ ಕಳಿಸದಿದ್ದರೆ. ಆದರೆ ಎಲ್ಲ ಫೋನ್‌ಗಳಲ್ಲೂ ಒಂದೇ ಸೆಟ್ಟಿಂಗ್: 'ವೈಫೈ ಸಿಕ್ಕಾಗ ಬ್ಯಾಕಪ್ ಮಾಡು'. ಇಡೀ ದಿನ ಜಾತ್ರೆಯಲ್ಲಿ ತೆಗೆದದ್ದನ್ನೆಲ್ಲ ಹೊತ್ತುಕೊಂಡು ಒಂಬತ್ತು ಫೋನ್‌ಗಳು ಒಟ್ಟಿಗೆ ಮನೆಯೊಳಗೆ ಕಾಲಿಟ್ಟಿದ್ದವು.

ನನ್ನ ಮತ್ತು ಅತ್ತೆಯ ಹಳೇ ಫೋನಿನಿಂದ ಬ್ಯಾಕಪ್ ಶುರು ಮಾಡಿ ಮತ್ತೆ ಪಿಂಗ್ ಮಾಡಿದೆ. ರೌಟರ್: 3. ಕೇಬಲ್‌ನವರ ಮೊದಲ ಯಂತ್ರ: 840. ಆರು ಇದ್ದದ್ದು ಎಂಟುನೂರ ನಲವತ್ತು!

ಏನಾಗುತ್ತದೆ ಅಂದರೆ, ಮನೆಯಿಂದ ಹೊರಹೋಗುವ ದಾರಿ ಸೆಕೆಂಡಿಗೆ 1.25 ಎಂಬಿ ಮಾತ್ರ ಬಿಡುತ್ತದೆ. ಫೋನ್‌ಗಳು ಅದಕ್ಕಿಂತ ಜೋರಾಗಿ ತುರುಕುತ್ತವೆ. ಮಿಕ್ಕಿದ್ದನ್ನು ಕೇಬಲ್‌ನವರು ಕೊಟ್ಟ ಪೆಟ್ಟಿಗೆ ಎಸೆಯುವುದಿಲ್ಲ, ತನ್ನ ಹೊಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲಿನಲ್ಲಿ 1 ಎಂಬಿ ನಿಂತಿದೆ ಅಂದುಕೊಳ್ಳಿ. ನನ್ನ ಒಂದು ಅಕ್ಷರ, ಕೇವಲ ನೂರು ಬೈಟ್, ಆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಮುಂದಿನ 1 ಎಂಬಿ ಕರಗಲು 0.8 ಸೆಕೆಂಡ್. ದರ್ಶನದ ಸಾಲು ಗೊತ್ತಲ್ಲ, ಹಾಗೆಯೇ. 'ಬರೀ ಪ್ರಸಾದ ತಗೊಂಡು ಹೋಗ್ತೀನಿ' ಅಂದರೂ ಕೊನೆಯಲ್ಲೇ ನಿಲ್ಲಬೇಕು. ನೆಟ್‌ವರ್ಕ್ ಮಂದಿ ಇದನ್ನು ಬಫರ್‌ಬ್ಲೋಟ್ ಅನ್ನುತ್ತಾರೆ.

ಹಾಗಾದರೆ ಹುಡುಗನ ಗೇಮ್? ಅಂಥ ಆಟಗಳು ಆಡುವಾಗ ಕಳಿಸುವುದು ಯಾರು ಎಲ್ಲಿ ಓಡಿದರು, ಎಲ್ಲಿ ಗುಂಡು ಹಾರಿತು ಅನ್ನುವಷ್ಟೇ. ನಮ್ಮ ಲೈನಿನ ನೂರರಲ್ಲಿ ಒಂದೆರಡು ಪಾಲೂ ಆಗುವುದಿಲ್ಲ. ಅವನಿಗೂ ಆವತ್ತು ಗೇಮ್ ನಿಂತುನಿಂತು ಓಡುತ್ತಿತ್ತಂತೆ. ನನ್ನ ವಿಡಿಯೊದಿಂದ ಅವನಿಗೆ ತೊಂದರೆಯಾಗಿತ್ತು, ಅವನಿಂದ ನನಗಲ್ಲ.

ಡ್ರಾಯರ್‌ನಲ್ಲಿದ್ದ ರೌಟರ್

ಎಲ್ಲರಿಗೂ 'ಬ್ಯಾಕಪ್ ಆಫ್ ಮಾಡಿ' ಅನ್ನಬಹುದಿತ್ತು. ಆದರೆ ನಮ್ಮ ಮನೆಗೆ ಆ ವಾರ ದಿನಕ್ಕಿಬ್ಬರು ಹೊಸಬರು ಬರುತ್ತಾರೆ. ಬಾಗಿಲಲ್ಲೇ ನಿಂತು ಕಾಲಿಗೆ ನೀರು ಕೊಡುವ ಬದಲು ಫೋನ್ ಸೆಟ್ಟಿಂಗ್ ಕೇಳೋಕಾಗತ್ತಾ?

ಬೆಂಗಳೂರಿನ ರೂಮಿನಲ್ಲಿ ಬಳಸುತ್ತಿದ್ದ ಒಂದು ಹಳೇ ರೌಟರ್ ಡ್ರಾಯರ್‌ನಲ್ಲಿತ್ತು. ಅದರಲ್ಲಿ OpenWrt ಹಾಕಿದ್ದೆ. ಅದರ ಒಂದು ಸೌಲಭ್ಯ ಅಂದರೆ ಸಾಲನ್ನು ತನ್ನ ಕೈಗೆ ತೆಗೆದುಕೊಳ್ಳುವುದು. ಲೈನ್ 10 ಬಿಡುವುದಾದರೆ ಇದು ಬೇಕೆಂದೇ 8.5 ಮಾತ್ರ ಬಿಡುತ್ತದೆ. ಆಗ ಕೇಬಲ್ ಪೆಟ್ಟಿಗೆಯ ಹೊಟ್ಟೆ ತುಂಬುವುದೇ ಇಲ್ಲ. ಸಾಲು ನಿಲ್ಲುವುದು ಈ ರೌಟರ್‌ನಲ್ಲಿ, ಮತ್ತು ಇದು ಬುದ್ಧಿವಂತ. ಒಂದೇ ಉದ್ದದ ಸಾಲಿನ ಬದಲು ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ, ಸರದಿಯ ಮೇಲೆ ಒಂದೊಂದನ್ನೇ ಬಿಡುತ್ತದೆ. ಅತ್ತೆಯ ವಿಡಿಯೊ ಹೋಗುತ್ತಲೇ ಇರುತ್ತದೆ, ನನ್ನ ಅಕ್ಷರಕ್ಕೂ ಕೂಡಲೇ ಸರದಿ ಸಿಗುತ್ತದೆ.

```
opkg update
opkg install luci-app-sqm
uci set sqm.@queue[0].interface='wan'
uci set sqm.@queue[0].download='25000'
uci set sqm.@queue[0].upload='8500'
uci set sqm.@queue[0].qdisc='cake'
uci set sqm.@queue[0].script='piece_of_cake.qos'
uci set sqm.@queue[0].enabled='1'
uci commit sqm
/etc/init.d/sqm restart
```

ಅಂಕಿಗಳು ಕಿಲೋಬಿಟ್‌ನಲ್ಲಿ. ನಿಮ್ಮ ರೌಟರ್‌ನಲ್ಲಿ `wan` ಬದಲು `eth1` ಥರ ಬೇರೆ ಹೆಸರಿರಬಹುದು, ನೋಡಿಕೊಂಡು ಹಾಕಿ. ಲೈನ್ ಖಾಲಿ ಇದ್ದಾಗ ಅಳೆದು, ಅದರ ಶೇಕಡಾ 85ರಷ್ಟು ಕೊಟ್ಟರೆ ಶುರುವಿಗೆ ಸರಿ.

ಕೇಬಲ್ ಪೆಟ್ಟಿಗೆಗೆ ಇದನ್ನು ಸಿಕ್ಕಿಸಿ, ಹೆಮ್ಮೆಯಿಂದ ಪಿಂಗ್ ಕೊಟ್ಟೆ. 790! ಏನೂ ಬದಲಾಗಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮನೆಯ ಫೋನ್‌ಗಳೆಲ್ಲ ಇನ್ನೂ ಹಳೇ ಪೆಟ್ಟಿಗೆಯ ವೈಫೈಗೇ ಅಂಟಿಕೊಂಡಿವೆ. ಹೊಸ ರೌಟರ್ ಮೂಲಕ ಹೋಗುತ್ತಿದ್ದವನು ನಾನೊಬ್ಬನೇ. ಹೆಬ್ಬಾಗಿಲಲ್ಲಿ ಶಿಸ್ತಾಗಿ ಸಾಲು ಮಾಡಿ, ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಹಳೇ ಪೆಟ್ಟಿಗೆಯ ವೈಫೈ ಆರಿಸಿ, ಅದರದ್ದೇ ಹೆಸರು, ಅದರದ್ದೇ ಪಾಸ್‌ವರ್ಡ್ ಹೊಸದಕ್ಕೆ ಕೊಟ್ಟೆ. ಫೋನ್‌ಗಳು ತಾವಾಗಿಯೇ ಬಂದು ಕೂಡಿಕೊಂಡವು. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಎರಡು ಬ್ಯಾಕಪ್ ಓಡುತ್ತಿರುವಾಗಲೇ ಪಿಂಗ್: 19.

ಗೆದ್ದೆ ಅಂದುಕೊಂಡೆ. ರಾತ್ರಿ ಒಂಬತ್ತೂವರೆಗೆ ಮತ್ತೆ ಕಾಲ್ ಕಡಿಯಲು ಶುರುವಾಯಿತು.

ನನ್ನ ಕೈಯಲ್ಲಿಲ್ಲದ್ದು

ಮತ್ತೆ ಅದೇ ಮೂರು ಪಿಂಗ್. ಈ ಸಲ ಚಿತ್ರ ಬೇರೆ. ರೌಟರ್ 3, ಕೇಬಲ್‌ನವರ ಮೊದಲ ಯಂತ್ರ 8, ಹೊರಗಿನ ವಿಳಾಸ 210, ಅದೂ ನೂರರಲ್ಲಿ ಒಂಬತ್ತು ಪ್ಯಾಕೆಟ್‌ಗೆ ಉತ್ತರವೇ ಇಲ್ಲ. ಅಂದರೆ ನಮ್ಮ ಮನೆ ಸರಿ ಇದೆ, ಮನೆಯಿಂದ ಅವರ ಕೋಣೆಯವರೆಗಿನ ಫೈಬರ್ ಸರಿ ಇದೆ, ಅಲ್ಲಿಂದ ಊರಾಚೆ ಹೋಗುವ ದಾರಿ ತುಂಬಿದೆ. ಹೊರಗಿನ ಬೇರೆ ಎರಡು ವಿಳಾಸಕ್ಕೂ ಪಿಂಗ್ ಕೊಟ್ಟು ಖಾತ್ರಿ ಮಾಡಿಕೊಂಡೆ. ಯಾಕೆಂದರೆ ನಡುವಿನ ಯಂತ್ರಗಳು ಕೆಲವೊಮ್ಮೆ ಕೆಲಸ ಜಾಸ್ತಿ ಇದ್ದಾಗ ಪಿಂಗ್‌ಗೆ ಉತ್ತರ ಕೊಡುವುದನ್ನು ಹಿಂದಕ್ಕೆ ಹಾಕುತ್ತವೆ. ಒಂದೇ ಸಂಖ್ಯೆ ನಂಬಿ ತೀರ್ಪು ಕೊಡಬಾರದು.

ಓಣಿಯ ಫೈಬರ್ ಸಣ್ಣದೇನಲ್ಲ. ಮನೆಗಳಿಗೆ ಬರುವ ಜಿಪಾನ್ ಫೈಬರ್‌ನಲ್ಲಿ ಒಂದು ಎಳೆ ಕೆಳಕ್ಕೆ 2.5, ಮೇಲಕ್ಕೆ 1.25 ಗಿಗಾಬಿಟ್ ಹೊರುತ್ತದೆ, ಅದನ್ನು ಸಾಮಾನ್ಯವಾಗಿ 32 ಇಲ್ಲವೇ 64 ಮನೆ ಹಂಚಿಕೊಳ್ಳುತ್ತವೆ. ಇಕ್ಕಟ್ಟು ಅದರಾಚೆ. ಕೇಬಲ್‌ನವರು ಊರಾಚೆಗೆ ಕೊಂಡಿರುವ ಬ್ಯಾಂಡ್‌ವಿಡ್ತ್ ಎಲ್ಲ ಗ್ರಾಹಕರೂ ಒಟ್ಟಿಗೆ ಬಳಸುವುದಿಲ್ಲ ಅನ್ನುವ ಲೆಕ್ಕದ ಮೇಲೆ ನಿಂತಿರುತ್ತದೆ. ಉಳಿದ ವರ್ಷವೆಲ್ಲ ಆ ಲೆಕ್ಕ ಸರಿ. ಜಾತ್ರೆಯಲ್ಲಿ ಮನೆಮನೆಗೂ ಹತ್ತು ಜನ ಹೆಚ್ಚುವರಿ. ಲೈನ್ ಹುಡುಗನಿಗೆ ಫೋನ್ ಮಾಡಿದರೆ ಅವನು ಪ್ರಾಮಾಣಿಕವಾಗಿಯೇ ಹೇಳಿದ: "ಸರ್, ಜಾತ್ರೆ ಮುಗಿಯೋವರೆಗೂ ರಾತ್ರಿ ಹಿಂಗೇ. ನಮ್ಮನೇಲೂ ಬರ್ತಿಲ್ಲ." ಇದಕ್ಕೆ ನನ್ನ ರೌಟರ್ ಏನೂ ಮಾಡಲಾರದು. ಇಕ್ಕಟ್ಟು ನನ್ನ ಬಾಗಿಲಲ್ಲಿದ್ದರೆ ಮಾತ್ರ ಸಾಲು ಮಾಡಿಸುವುದು ನನ್ನ ಕೈಯಲ್ಲಿದೆ.

ಇನ್ನು ಮೊಬೈಲ್. ಕಡ್ಡಿ ಪೂರ್ತಿ ಇದ್ದೂ ಡೇಟಾ ಯಾಕೆ ಇಲ್ಲ? ಆ ಕಡ್ಡಿಗಳು ಹೇಳುವುದು ಟವರ್‌ನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಅಂತ ಅಷ್ಟೇ. ಜಾತ್ರೆಯ ಮೈಕ್ ಊರಿಗೆಲ್ಲ ಕೇಳುತ್ತದೆ, ಹಾಗಂತ ಕೌಂಟರ್ ಮುಂದೆ ಜಾಗ ಇದೆ ಅಂತ ಅರ್ಥವಲ್ಲ. ಒಂದು ಟವರ್‌ನ ಒಂದು ಬದಿಗೆ ಸಿಗುವ ತರಂಗದ ಪಾಲು ನಿಗದಿ. ಅದನ್ನು ಅಲ್ಲಿರುವ ಫೋನ್‌ಗಳೆಲ್ಲ ತುಂಡು ತುಂಡಾಗಿ ಹಂಚಿಕೊಳ್ಳಬೇಕು. ಬಿಡಕಿಬೈಲಿನ ಜನವೆಲ್ಲ ತೊಟ್ಟಿಲು, ನಾಟಕದ ಟೆಂಟ್, ಅಂಗಡಿ ಸಾಲಿನ ಮುಂದೆ ನಿಂತು ವಿಡಿಯೊ ಕಳಿಸುತ್ತಿದ್ದರೆ, ಅದೇ ಟವರ್ ಕೆಳಗಿರುವ ನನ್ನ ಪಾಲಿಗೆ ಉಳಿಯುವುದು ಕಡ್ಡಿ ಮಾತ್ರ.

ಆದರೆ ಆ ಬುಧವಾರ ರಾತ್ರಿ ಡೇಟಾ ಸತ್ತಿದ್ದರೂ ಮ್ಯಾನೇಜರ್ ಕರೆ ಬಂದಿತ್ತು, ನೆನಪಿದೆಯಾ? ಅದು ಅದೃಷ್ಟವಲ್ಲ. 4ಜಿಯಲ್ಲಿ ಮಾಮೂಲಿ ಫೋನ್ ಕರೆಗೆ ಬೇರೆಯೇ ದಾರಿ ಇದೆ, ಅದಕ್ಕೆ ಡೇಟಾಗಿಂತ ಮೊದಲ ಸರದಿ, ಒಂದಿಷ್ಟು ಜಾಗವೂ ಮೀಸಲು. ಆ್ಯಪ್‌ನಿಂದ ಮಾಡುವ ಕರೆಗೆ ಆ ಮರ್ಯಾದೆ ಇಲ್ಲ, ಅದು ನೆಟ್‌ವರ್ಕ್ ಕಣ್ಣಿಗೆ ಇನ್ನೊಂದು ವಿಡಿಯೊ ಇದ್ದ ಹಾಗೆ. ಗುರುವಾರ ಸಂಜೆ ನಾನು ಮೀಟಿಂಗ್‌ಗೆ ಡಯಲ್-ಇನ್ ನಂಬರ್ ಒತ್ತಿ ಸೇರಿದೆ. ನಾಲ್ಕನೇ ಪ್ರಯತ್ನಕ್ಕೆ ಸಿಕ್ಕಿತು, ಸಿಕ್ಕ ಮೇಲೆ ನಲವತ್ತು ನಿಮಿಷ ಕಡಿಯಲಿಲ್ಲ.

ಜನ ಎಲ್ಲಿ, ಇಕ್ಕಟ್ಟು ಅಲ್ಲಿ

ಗುರುವಾರ ಮಧ್ಯಾಹ್ನದಿಂದ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿಟ್ಟಿದ್ದೆ. ಐದು ನಿಮಿಷಕ್ಕೊಮ್ಮೆ ಮನೆ ಲೈನಿನಿಂದಲೂ, ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿದ ಫೋನಿನಿಂದಲೂ ಪಿಂಗ್ ಮಾಡಿ ಬರೆದಿಡುವ ಕೆಲಸ. ಶುಕ್ರವಾರ ಮಧ್ಯಾಹ್ನ ಅದನ್ನು ನೋಡಿದಾಗ ಜಾತ್ರೆಯ ದಿನಚರಿಯೇ ಕಂಡಿತು.

ಸಂಜೆ ಐದಕ್ಕೆ ಜನ ಮೈದಾನ ತುಂಬುತ್ತಾರೆ, ಮೊಬೈಲ್ ಮುಗ್ಗರಿಸುತ್ತದೆ. ಮನೆ ಲೈನ್ ಆಗ ಚೆನ್ನಾಗಿದೆ. ಒಂಬತ್ತರ ಹೊತ್ತಿಗೆ ಮೊದಲ ತಂಡ ಮನೆಗೆ ಬರುತ್ತದೆ, ಮನೆ ಲೈನ್ ಏರುತ್ತದೆ. ಮೈದಾನದಲ್ಲಿ ಇನ್ನೂ ಜನ ಇದ್ದಾರೆ, ಮೊಬೈಲ್ ಸುಧಾರಿಸಿಲ್ಲ. ಒಂಬತ್ತರಿಂದ ಹನ್ನೊಂದೂವರೆ ಎರಡೂ ಇಲ್ಲ. ನನ್ನ ರಿಲೀಸ್ ಇಟ್ಟುಕೊಂಡಿದ್ದು ಸರಿಯಾಗಿ ಅದರ ನಡುವೆ!

ಆಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡು ಲೈನ್ ಇದ್ದರೆ ಒಂದಕ್ಕೊಂದು ಬ್ಯಾಕಪ್ ಅಂತ ನಾವು ತಿಳಿದಿದ್ದೇವೆ. ಅದು ನಿಜವಾಗಬೇಕಾದರೆ ಅವೆರಡೂ ಬೇರೆ ಬೇರೆ ಕಾರಣಕ್ಕೆ ಕೆಡಬೇಕು. ಮಾಮೂಲಿ ದಿನ ಹಾಗೇ ಆಗುತ್ತದೆ: ಒಂದು ಮರ ಬಿದ್ದು ಫೈಬರ್ ಕಡಿದರೆ ಟವರ್‌ಗೆ ಏನಾಗುವುದಿಲ್ಲ. ಜಾತ್ರೆಯಲ್ಲಿ ಎರಡನ್ನೂ ಕೆಡಿಸುವುದು ಒಂದೇ ಜನಸಮೂಹ. ಸಂಜೆ ಟವರ್ ಕೆಳಗೆ, ರಾತ್ರಿ ಮನೆಯೊಳಗೆ. ಇನ್ನೂ ಎರಡು ಸಿಮ್ ಕೊಂಡರೂ ಅಷ್ಟೇ.

ಆದರೆ ಲಾಗ್‌ನಲ್ಲಿ ಇನ್ನೊಂದು ಸಾಲಿತ್ತು. ಬೆಳಗ್ಗೆ ಐದರಿಂದ ಎಂಟು: ಮನೆ 24, ಮೊಬೈಲ್ 45, ಒಂದು ಪ್ಯಾಕೆಟ್ ಕೂಡ ಕಳೆದಿಲ್ಲ. ಎಷ್ಟೋ ಜನ ಆಗಲೇ ದರ್ಶನದ ಸಾಲಿನಲ್ಲಿರುತ್ತಾರೆ ನಿಜ, ಆದರೆ ಆ ಹೊತ್ತಿಗೆ ಯಾರೂ ತೊಟ್ಟಿಲ ಮುಂದೆ ವಿಡಿಯೊ ಮಾಡುವುದಿಲ್ಲ.

ಮ್ಯಾನೇಜರ್‌ಗೆ ಆ ಲಾಗ್ ಕಳಿಸಿ, ಫೋನ್ ಮಾಡಿದೆ. "ಶನಿವಾರ ಬೆಳಗ್ಗೆ ಐದೂವರೆಗೆ ಮಾಡ್ತೀನಿ. ಈ ಸಲ ಸ್ಕ್ರಿಪ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಲ್ಲ, ಆಫೀಸಿನ ಮಷಿನ್‌ನಲ್ಲಿ ಓಡತ್ತೆ. ನಾನು ಹತ್ತು ನಿಮಿಷ ಕಾಣದೇ ಹೋದ್ರೆ ಏನು ಮಾಡಬೇಕು ಅಂತ ಬರೆದುಕೊಟ್ಟಿದ್ದೀನಿ." ಒಂದು ಕ್ಷಣ ಸುಮ್ಮನಿದ್ದು, "ಸರಿ. ಆದರೆ ಇದು ಕೊನೇ ಸಲ" ಅಂದರು.

ಶನಿವಾರ, ಐದೂವರೆ

ಸ್ಕ್ರಿಪ್ಟ್ ಎಲ್ಲಿ ಓಡುತ್ತದೆ ಅನ್ನುವುದೇ ನನ್ನ ಬುಧವಾರದ ದೊಡ್ಡ ತಪ್ಪು. ಉತ್ತರ ಎಲ್ಲರಿಗೂ ಗೊತ್ತಿರುವ ಒಂದು ಆಜ್ಞೆ, ಆವತ್ತು ಸೋಮಾರಿತನಕ್ಕೆ ಬಿಟ್ಟಿದ್ದೆ.

```
ssh office-box
tmux new -s release
# ಲೈನ್ ಹೋಗಿ ಬಂದರೆ:
ssh office-box
tmux attach -t release
```

ಹೀಗೆ ಮಾಡಿದರೆ ಕೆಲಸ ನಡೆಯುವುದು ಡೇಟಾಬೇಸ್ ಪಕ್ಕದಲ್ಲೇ ಇರುವ ಮಷಿನ್‌ನಲ್ಲಿ. ನನ್ನ ಲೈನ್ ಬರೀ ಕಿಟಕಿ. ಕಿಟಕಿ ಮುಚ್ಚಿದರೆ ಒಳಗಿನ ಅಡುಗೆ ನಿಲ್ಲುವುದಿಲ್ಲ. ಜೊತೆಗೆ ಹಳೆಯ ಸಾಲುಗಳನ್ನು ಒಂದೇ ಏಟಿಗೆ ತುಂಬುವ ಬದಲು ಐದೈದು ಸಾವಿರದ ಕಂತು ಮಾಡಿದೆ. ಪ್ರತಿ ಕಂತಿಗೂ ಲಾಕ್ ಬಿಡುತ್ತದೆ, ನಿಂತರೂ ಯಾರೂ ಹಿಂದೆ ಸಾಲು ನಿಲ್ಲಬೇಕಾಗಿಲ್ಲ.

ಐದೂವರೆಗೆ ಶುರು ಮಾಡಿದೆ. ಸಹೋದ್ಯೋಗಿ ಮಾಮೂಲಿ ಫೋನ್ ಕರೆಯಲ್ಲಿ. ಐದು ಐವತ್ತಕ್ಕೆ, ಇನ್ನೂ ಅರ್ಧ ಕಂತು ಬಾಕಿ ಇರುವಾಗ, ಕರೆಂಟ್ ಹೋಯಿತು! ನಮ್ಮ ಇನ್ವರ್ಟರ್‌ಗೆ ಫ್ಯಾನು, ದೀಪ ಕೊಟ್ಟಿದ್ದೆವು, ಕೇಬಲ್ ಪೆಟ್ಟಿಗೆಗೆ ಕೊಟ್ಟಿರಲಿಲ್ಲ. ಮೂರು ದಿನ ಮಿಲಿಸೆಕೆಂಡ್ ಎಣಿಸಿದವನಿಗೆ ಪ್ಲಗ್ ಪಾಯಿಂಟ್ ಮರೆತುಹೋಗಿತ್ತು.

ಬುಧವಾರದ ಬೆವರು ಮತ್ತೆ ಬಂತು. ಹಾಟ್‌ಸ್ಪಾಟ್ ಹಾಕಿದೆ. ಎಂಟು ಸೆಕೆಂಡಿನಲ್ಲಿ ವಿಪಿಎನ್ ಸಿಕ್ಕಿತು. `tmux attach` ಕೊಟ್ಟರೆ ಕಂತುಗಳು ಏನೂ ಆಗದವರಂತೆ ಒಂದೊಂದಾಗಿ ಮುಗಿಯುತ್ತಿವೆ. ಕಾರಣ ಸರಳ. ಈ ಸಲ ಮನೆ ಲೈನ್ ಹೋಗಿದ್ದು ಕರೆಂಟಿಗೆ, ಜನಕ್ಕಲ್ಲ. ಆ ಹೊತ್ತಿನಲ್ಲಿ ಎರಡನೇ ಲೈನ್ ನಿಜಕ್ಕೂ ಎರಡನೆಯದು.

ಆರೂಕಾಲಿಗೆ ಎಲ್ಲ ಮುಗಿಯಿತು. ಮ್ಯಾನೇಜರ್ ಏಳಕ್ಕೆ ಒಂದು ಹೆಬ್ಬೆರಳು ಕಳಿಸಿದರು. ಪರ್ಮಿಷನ್ ಬಗ್ಗೆ ಮತ್ತೆ ಮಾತು ಬರಲಿಲ್ಲ, ಇವತ್ತಿನವರೆಗೂ.

ಹೊರಗೆ ಬಂದರೆ ಅಕ್ಕನ ಮಗ ಜಗಲಿಯಲ್ಲಿ ಒಬ್ಬನೇ ಚಹಾ ಕುಡಿಯುತ್ತಾ ಕೂತಿದ್ದ. ಗುರುವಾರದಿಂದ ನನ್ನ ಜೊತೆ ಮಾತು ಕಡಿಮೆ. ಪಕ್ಕದಲ್ಲಿ ಕೂತು, ನನ್ನ ಫೋನಿನ ಬ್ಯಾಕಪ್ ಪುಟ ತೆಗೆದು ತೋರಿಸಿದೆ. "ನೋಡು, ಲೈನ್ ಹಾಳು ಮಾಡಿದ್ದು ನಾನು. ನಿನ್ನ ಗೇಮ್ ಅಲ್ಲ. ತಪ್ಪಾಯ್ತು ಮಾರಾಯ." ಅವನು ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದ. "5 ಜಿಬಿನಾ ಮಾವ? ಅರ್ಧಕ್ಕಿಂತ ಜಾಸ್ತಿ ಮುಂದಿನವರ ತಲೆಯೇ ಬಂದಿದೆಯಲ್ಲ!" ಅಂದ. ಆಮೇಲೆ ಇಬ್ಬರೂ ಸೇರಿ ಇನ್ವರ್ಟರ್ ಲೈನಿನಿಂದ ಕೇಬಲ್ ಪೆಟ್ಟಿಗೆಗೊಂದು ಎಕ್ಸ್‌ಟೆನ್ಷನ್ ಎಳೆದೆವು.

ಭಾನುವಾರ ಬೆಳಗ್ಗೆ ಐದಕ್ಕೆ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ನಾವು ಮೂವರೂ, ಜೊತೆಗೆ ಅವನೂ, ದರ್ಶನಕ್ಕೆ ಹೋಗಿಬಂದೆವು. ಆ ಹೊತ್ತನ್ನು ಹುಡುಕಿಕೊಟ್ಟಿದ್ದೂ ಅದೇ ಲಾಗ್. ಅಮ್ಮ ತಾನೇ ನೋಡಿದ್ದರಿಂದ ನಾನು ವಿಡಿಯೊ ಮಾಡಲಿಲ್ಲ.

ನಿಮ್ಮೂರಿನ ಜಾತ್ರೆಯೋ, ತೇರೋ, ಗಣಪತಿ ಹಬ್ಬವೋ ಬಂದು, ಊರಿಂದಲೇ ಲಾಗಿನ್ ಆಗುವ ಯೋಚನೆ ಇದ್ದರೆ, ಹೋದ ಮೊದಲ ದಿನವೇ ಆ ಮೂರು ಪಿಂಗ್ ಬರೆದಿಟ್ಟುಕೊಳ್ಳಿ. ಆರೋಗ್ಯವಾಗಿದ್ದಾಗಿನ ಸಂಖ್ಯೆ ಗೊತ್ತಿಲ್ಲದಿದ್ದರೆ ಕಾಯಿಲೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಯಾರ ಮೇಲಾದರೂ ಕಿರುಚುವ ಮೊದಲು ನಿಮ್ಮ ಫೋನಿನ ಬ್ಯಾಕಪ್ ಪುಟ ನೋಡಿ. ಮತ್ತೆ, ಕೇಬಲ್ ಪೆಟ್ಟಿಗೆಯ ಪ್ಲಗ್ ಎಲ್ಲಿದೆ ಅಂತಲೂ ಒಮ್ಮೆ ನೋಡಿಬಿಡಿ.